200 ರೂಪಾಯಿ ಸ್ಟ್ಯಾಂಪಿನ ಮೇಲೆ 12 ಲಕ್ಷದ ಕರಾರು: ಶಿರಸಿ ಕಡೆಯ ಒಂದು ಪ್ರಕರಣ

ನಮ್ಮ ಕಡೆ ಯಾವ ಕಾಗದ ಮಾಡ್ಸೋಕೆ ಬಂದ್ರೂ ಜನ ಮೊದಲು ಕೇಳೋದು "ಎಷ್ಟರ ಸ್ಟ್ಯಾಂಪ್ ಬೇಕು" ಅಂತ, ಕಾಗದದಲ್ಲಿ ಎಂತ ಬರೀಬೇಕು ಅಂತ ಆಮೇಲೆ. ಆಗಬೇಕಾದ್ದು ಉಲ್ಟಾ. ಒಳಗೆ ಎಂತ ಬರೀತೀರಿ ಅನ್ನೋದರ ಮೇಲೆ ಸ್ಟ್ಯಾಂಪ್ ಎಷ್ಟು ಅನ್ನೋದು ಹೋಗ್ತದೆ, ಮೇಲೆ ದಪ್ಪ ಅಕ್ಷರದಲ್ಲಿ "ಕರಾರು ಪತ್ರ" ಅಂತ ಹಾಕಿದೀರೋ "ಅಫಿಡವಿಟ್" ಅಂತ ಹಾಕಿದೀರೋ ಅದರ ಮೇಲೆ ಅಲ್ಲ. ನಾನು ಶಿರಸಿಯಲ್ಲಿ ವಕೀಲಿಕೆ ಮಾಡೋನು. ಒಂದೇ ವ್ಯವಹಾರದಲ್ಲಿ ಎರಡು ಕಾಗದ ಇದ್ದ ಪ್ರಕರಣ ಇದು. ಒಂದಕ್ಕೆ ಸ್ಟ್ಯಾಂಪ್ ಸಿಕ್ಕಾಪಟ್ಟೆ ಕಮ್ಮಿ ಬಿದ್ದಿತ್ತು, ಇನ್ನೊಂದಕ್ಕೆ ಸರಿಯಾಗೇ ಇತ್ತು, ಕೊನೆಗೆ ಉಳಿದದ್ದು ಕಮ್ಮಿ ಇದ್ದದ್ದು. ಹೆಸರು, ಗುರುತು ಸಿಗೋ ವಿವರ ಎಲ್ಲ ತೆಗೆದಿದ್ದೇನೆ, ಮೊತ್ತಗಳನ್ನ ಲೆಕ್ಕ ಮಾಡ್ಲಿಕ್ಕೆ ಸುಲಭ ಆಗ್ಲಿ ಅಂತ ಹೊಂದಿಸಿಕೊಂಡಿದ್ದೇನೆ.

ವ್ಯವಹಾರ ನಡೆದದ್ದು 2016ರಲ್ಲಿ. ಕೊಂಡವರನ್ನ ಹೆಗಡೇರು ಅಂತ ಕರೆಯೋಣ, ಅಡಿಕೆ ತೋಟದವರು, ಮಗಳ ಓದಿಗೆ ಪೇಟೆ ಹತ್ರ ಒಂದು ಮನೆ ಬೇಕು ಅಂತ ನೋಡ್ತಿದ್ರು. ಮಾಲಕರು ಅವರಿಗೆ ದೂರದ ಸಂಬಂಧ, ಪರಸ್ಪರ ಭಾವ ಭಾವ ಅಂತ ಮಾತಾಡೋ ಬಳಕೆ. ಶಿರಸಿ ಪೇಟೆ ದಾಟಿದ ಮೇಲೆ 5 ಗುಂಟೆ ಎನ್‌ಎ ಜಾಗ, ಅದರಲ್ಲಿ ಹಳೇ ಹಂಚಿನ ಮನೆ. ದರ 12 ಲಕ್ಷ ಅಂತ ಮಾತಾಯ್ತು. 9 ಲಕ್ಷ ಮುಂಗಡ, ಬ್ಯಾಂಕಿನಿಂದಲೇ ಹೋಗಿದೆ (ಇದು ಆಮೇಲೆ ದೊಡ್ಡ ಉಪಕಾರ ಆಯ್ತು). ಪಂಚಾಯ್ತಿಯಲ್ಲಿ ಇ-ಸ್ವತ್ತು ಆಗೋದು ಬಾಕಿ ಇತ್ತು, ಅದಿಲ್ಲದೆ ಖರೀದಿ ಪತ್ರ ರಿಜಿಸ್ಟರ್ ಆಗೋದಿಲ್ಲ, ಅದಕ್ಕೆ ಇ-ಸ್ವತ್ತು ಕೈಗೆ ಬಂದ 3 ತಿಂಗಳೊಳಗೆ ಉಳಿದ 3 ಲಕ್ಷ ಕೊಟ್ಟು ಖರೀದಿ ಮಾಡ್ಕೊಳ್ಳೋದು ಅಂತ ಕರಾರು. ಅಲ್ಲಿವರೆಗೆ ಬೀಗದ ಕೈ ಹೆಗಡೇರ ಹತ್ರ, ಮಗಳು ಅಜ್ಜಿ ಇಬ್ಬರೂ ಅಲ್ಲೇ ಉಳೀಲಿಕ್ಕೆ ಶುರು ಮಾಡಿದ್ರು.

ಕರಾರು ಬರೆದುಕೊಟ್ಟವರು ಟೈಪಿಂಗ್ ಅಂಗಡಿಯವರು. 200 ರೂಪಾಯಿ ಇ-ಸ್ಟ್ಯಾಂಪು, ನೋಟರಿ ಸಹಿ, ಕೆಂಪು ಸೀಲು, ಇಬ್ಬರು ಸಾಕ್ಷಿ. ರಿಜಿಸ್ಟರ್ ಮಾಡ್ಸಿಲ್ಲ. ನೋಟರಿ ಆದ್ರೆ ರಿಜಿಸ್ಟರ್ ಆದ ಹಾಗೇ ಅಂತ ಆ ಅಂಗಡಿಯಲ್ಲಿ ಹೇಳಿದ್ರಂತೆ. ನೋಟರಿ ಹೇಳೋದು ಇಂಥವರು ನನ್ನ ಎದುರು ಸಹಿ ಹಾಕಿದ್ರು ಅಂತ ಮಾತ್ರ, ಅದರಿಂದ ಸ್ಟ್ಯಾಂಪಿನ ಕೊರತೆ ತುಂಬೋದಿಲ್ಲ, ರಿಜಿಸ್ಟ್ರೇಶನ್ ಕೆಲಸವೂ ಆಗೋದಿಲ್ಲ. ಆದ್ರೂ ಆ ಕೆಂಪು ಸೀಲು ನೋಡಿದ್ರೆ ಜನಕ್ಕೆ ಎಂತದೋ ಧೈರ್ಯ.

ಜಾಗ ಮಾಲಕರ ತಂದೆ ಕಾಲದ್ದು, ವಾರಸಾ ಆಗಿ ಖಾತೆ ಅವರೊಬ್ಬರ ಹೆಸರಿಗೆ ಬಂದಿತ್ತು, ಆದ್ರೆ ಒಬ್ಬ ತಂಗಿ ಇದ್ದಾಳೆ, ಮದುವೆಯಾಗಿ ಕುಮಟಾ ಕಡೆ. ಅವಳದ್ದೂ ಒಂದು ಕಾಗದ ಇರ್ಲಿ ಅಂತ 20 ರೂಪಾಯಿ ಸ್ಟ್ಯಾಂಪಿನ ಮೇಲೆ ಅಫಿಡವಿಟ್ ಮಾಡ್ಸಿದ್ರು, "ಸದರಿ ಸ್ವತ್ತಿನಲ್ಲಿ ನನಗೆ ಇರುವ ಹಕ್ಕನ್ನು ನನ್ನ ಅಣ್ಣನಿಗೆ ಬಿಟ್ಟುಕೊಟ್ಟಿರುತ್ತೇನೆ, ಮಾರಾಟಕ್ಕೆ ನನ್ನ ತಕರಾರು ಇರುವುದಿಲ್ಲ" ಅಂತ. ಆಗ ಕರ್ನಾಟಕದಲ್ಲಿ ಅಫಿಡವಿಟ್‌ಗೆ 20 ರೂಪಾಯಿನೇ ದರ, ಹಾಗಾಗಿ ಸ್ಟ್ಯಾಂಪ್ ಮಟ್ಟಿಗೆ ಅದು ಸರಿಯಾಗೇ ಕಾಣ್ತದೆ.

ಇ-ಸ್ವತ್ತು ಎಳೀತಾ ಎಳೀತಾ ಹೋಯ್ತು. ಅಷ್ಟರಲ್ಲಿ ಆ ಕಡೆ ಜಾಗದ ರೇಟ್ ಏರಿತು, 2022ರಲ್ಲಿ ಇ-ಸ್ವತ್ತು ಬಂತು, ಹೆಗಡೇರು 3 ಲಕ್ಷ ಜೋಡಿಸಿಕೊಂಡು ಹೋದ್ರೆ ಮಾಲಕರು "ಭಾವ, ಆಗಿನ ರೇಟಿಗೆ ಈಗ ಹ್ಯಾಂಗೆ ಆಗ್ತು" ಅಂದ್ರು. ಆಮೇಲೆ ನೋಟೀಸು, ಅದಕ್ಕೆ ಉತ್ತರ, ಆ ಉತ್ತರದಲ್ಲಿ ಒಂದು ಸಾಲು: ಹೆಗಡೇರ ಕರಾರು ಸಾಕಷ್ಟು ಸ್ಟ್ಯಾಂಪ್ ಇಲ್ಲದ್ದು, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಕಾಗದವೇ ಅಲ್ಲ. ಹೆಗಡೇರು ಆ ನೋಟೀಸಿನ ಉತ್ತರ ಹಿಡ್ಕೊಂಡು ನನ್ನ ಹತ್ರ ಬಂದದ್ದು ಆಗ.

"ವಕೀಲ್ರೇ, 9 ಲಕ್ಷ ನೀರಿಗೆ ಹಾಕಿದ ಹಾಂಗೇ ಆತಾ ಹಾಂಗಾರೆ?"

ಇಲ್ಲ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರ 34ನೇ ಕಲಂ ಹೇಳೋದು ಸರಿಯಾದ ಸ್ಟ್ಯಾಂಪ್ ಇಲ್ಲದ ದಸ್ತಾವೇಜನ್ನ ಸಾಕ್ಷ್ಯವಾಗಿ ತಗೋಬಾರದು ಅಂತ, ಅದು ರದ್ದು ಅಂತ ಎಲ್ಲೂ ಹೇಳೋದಿಲ್ಲ. ಅದೇ ಕಲಮಿನಲ್ಲಿ ಕಮ್ಮಿ ಬಿದ್ದ ಡ್ಯೂಟಿ, ಅದರ ಮೇಲೆ ದಂಡ ಕಟ್ಟಿದ್ರೆ ತಗೋಬಹುದು ಅಂತಲೂ ಇದೆ. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಆರ್ಬಿಟ್ರೇಶನ್ ಕರಾರುಗಳ ವಿಷಯದಲ್ಲಿ ಇದನ್ನೇ ಹೇಳಿದೆ, ಸ್ಟ್ಯಾಂಪ್ ಇಲ್ಲದ್ದು ಸರಿ ಮಾಡಬಹುದಾದ ದೋಷ, ಅದರಿಂದ ಕರಾರು ಸತ್ತು ಹೋಗೋದಿಲ್ಲ. ಸ್ಟ್ಯಾಂಪ್ ಕಾಯ್ದೆ ಇರೋದು ಸರ್ಕಾರಕ್ಕೆ ಬರೋ ಹಣ ಬರ್ಲಿ ಅಂತ, ಮಾತು ಕೊಟ್ಟವ ತಪ್ಪಿಸಿಕೊಳ್ಳಲಿ ಅಂತ ಅಲ್ಲ.

ಹಾಗಂತ ಹೆಗಡೇರಿಗೆ ಹೂಂ ಆರಾಮಾಗಿರಿ ಅಂತ ಹೇಳೋ ಹಾಗೂ ಇರ್ಲಿಲ್ಲ, ಯಾಕೆ ಅಂದ್ರೆ ಕರಾರಿನ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು:

"ಸದರಿ ಸ್ವತ್ತಿನ ಕಬ್ಜಾವನ್ನು ಈ ದಿವಸವೇ ಖರೀದಿದಾರರಿಗೆ ಬಿಟ್ಟುಕೊಟ್ಟಿರುತ್ತೇನೆ."

ಈ ಸಾಲಿನ ಬೆಲೆ ಎಷ್ಟು ಅಂತ ಟೈಪಿಂಗ್ ಅಂಗಡಿಯವರಿಗೆ ಗೊತ್ತಿರ್ಲಿಲ್ಲ, ಗೊತ್ತಿದ್ರೆ ಹಾಗೆ ಬರೀತಿರ್ಲಿಲ್ಲ. ಸ್ಥಿರಾಸ್ತಿ ಮಾರಾಟದ ಕರಾರಿಗೆ ಕಾಯ್ದೆಯ ಶೆಡ್ಯೂಲಿನಲ್ಲಿ ಆರ್ಟಿಕಲ್ 5(ಇ) ಅಂತ ಬೇರೆನೇ ಒಂದು ಕಡೆ ಇದೆ, ಅದರಲ್ಲಿ ಎರಡು ದಾರಿ. ಕಬ್ಜಾ ಕೊಡದೆ ಬರೀ ಮಾರ್ತೇನೆ ಅಂತ ಕರಾರು ಆದ್ರೆ ಆಗ 100ಕ್ಕೆ 10 ಪೈಸೆ ಲೆಕ್ಕದಲ್ಲಿ, ಅಂದ್ರೆ 12 ಲಕ್ಷಕ್ಕೆ 1,200 ರೂಪಾಯಿ. ಕಬ್ಜಾ ಕೊಟ್ಟಿದ್ರೆ, ಅಥವಾ ಖರೀದಿ ಪತ್ರಕ್ಕೆ ಮೊದಲೇ ಕೊಡ್ತೇನೆ ಅಂತ ಬರೆದಿದ್ರೆ, ಅದಕ್ಕೆ ಖರೀದಿ ಪತ್ರಕ್ಕೆ ಎಷ್ಟೋ ಅಷ್ಟೇ ಡ್ಯೂಟಿ, ಮಾರುಕಟ್ಟೆ ಬೆಲೆಯ ಮೇಲೆ. ಆಗ ಅದು ಶೇಕಡಾ 5. 12 ಲಕ್ಷಕ್ಕೆ 60,000 ರೂಪಾಯಿ. ಸೆಸ್ಸು ಸರ್ಚಾರ್ಜಿನ ಮಾತು ಬಿಟ್ಟಿದ್ದೇನೆ, ಆ ವರ್ಷದ ಮಾರ್ಗಸೂಚಿ ದರ 12 ಲಕ್ಷಕ್ಕಿಂತ ಕಮ್ಮಿ ಇತ್ತು, ಹಾಗಾಗಿ ಕರಾರಿನ ಮೊತ್ತವೇ ಲೆಕ್ಕಕ್ಕೆ.

200 ರೂಪಾಯಿ ಎಲ್ಲಿಂದ ಬಂತು ಅಂದ್ರೆ ಬೇರೆ ಎಲ್ಲೂ ಹೇಳದ ಸಾದಾ ಕರಾರಿಗೆ ಆರ್ಟಿಕಲ್ 5(ಜೆ) ಅಂತ ಒಂದು ಇದೆ, ಅದರ ಆಗಿನ ದರ ಅದು. ಇ-ಸ್ಟ್ಯಾಂಪಿನ ಮೇಲೇ ಅದು ಪ್ರಿಂಟಾಗಿರ್ತದೆ. ನಿಮ್ಮ ಹತ್ರ ಯಾವುದಾದ್ರೂ ಜಾಗದ ಕರಾರು ಇದ್ರೆ ಈಗ್ಲೇ ತೆಗೆದು ನೋಡಿ, ಸರ್ಟಿಫಿಕೇಟ್ ನಂಬರು `IN-KA` ಅಂತ ಶುರುವಾಗ್ತದೆ, ಅದರ ಕೆಳಗೆ ಕೊಟ್ಟ ದಿನ, ಕೊಂಡವರ ಹೆಸರು, ಆಮೇಲೆ ದಸ್ತಾವೇಜಿನ ವಿವರ ಅಂತ ಒಂದು ಸಾಲು, ಅಲ್ಲಿ ಆರ್ಟಿಕಲ್ ನಂಬರು ಇರ್ತದೆ, ಅದರ ಕೆಳಗೆ ಪ್ರತಿಫಲದ ಮೊತ್ತ ಅಂತ ಒಂದು ಕಾಲಂ. ಹೆಗಡೇರ ಕಾಗದದಲ್ಲಿ ಆ ಕಾಲಮಿನಲ್ಲಿ ಸೊನ್ನೆ ಇತ್ತು. ಒಳಗೆ 12 ಲಕ್ಷ, ಹೊರಗೆ ಸೊನ್ನೆ, ಎದುರಿನ ವಕೀಲರಿಗೆ ಇಷ್ಟು ಸಾಕು. ಅಂದ ಹಾಗೆ ಇ-ಸ್ಟ್ಯಾಂಪ್ ಕೊಡೋ ಸೊಸೈಟಿ ಕೌಂಟರಿನವರು ನೀವು ಹೇಳಿದ ಆರ್ಟಿಕಲ್ಲನ್ನ ಟೈಪ್ ಮಾಡ್ತಾರೆ ಅಷ್ಟೇ, ಒಳಗಿನ ಬರಹ ಅವರು ನೋಡೋದಿಲ್ಲ, ನೋಡಬೇಕು ಅಂತಲೂ ಇಲ್ಲ.

ಕಬ್ಜಾ ಕೊಟ್ಟಿಲ್ಲ ಅಂತ ದಾವೆಯಲ್ಲಿ ಬರೆದುಬಿಡೋಣ, 1,200ರಲ್ಲಿ ಮುಗೀತದಲ್ಲ ಅಂತ ಹೆಗಡೇರ ಕಡೆಯವರೊಬ್ಬರು ಸಲಹೆ ಕೊಟ್ರು. ಅದು ನಡೆಯೋದಿಲ್ಲ. ಡ್ಯೂಟಿ ಎಷ್ಟು ಅಂತ ತೀರ್ಮಾನ ಆಗೋದು ದಸ್ತಾವೇಜಿನಲ್ಲಿ ಎಂತ ಬರೆದಿದೆ ಅನ್ನೋದರಿಂದ, ಆಮೇಲೆ ನೀವು ಕೋರ್ಟಿನಲ್ಲಿ ಎಂತ ಹೇಳ್ತೀರಿ ಅನ್ನೋದರಿಂದ ಅಲ್ಲ. ಮೇಲಾಗಿ ಮಗಳು ಅಜ್ಜಿ ಆರು ವರ್ಷ ಅಲ್ಲೇ ಇದ್ದಾರೆ, ಕರೆಂಟ್ ಬಿಲ್ ಕಟ್ಟಿದಾರೆ, ಅದನ್ನೆಲ್ಲ ಅಲ್ಲಗಳೆದು ಸುಳ್ಳು ಹೇಳಿದ್ರೆ ಇದ್ದ ಕೇಸೂ ಹೋಗ್ತದೆ.

ಇನ್ನೊಂದು ಸಲಹೆ ಮೂಲ ಕಾಗದ ಮನೆಯಲ್ಲೇ ಇಟ್ಟು ಝೆರಾಕ್ಸ್ ಹಾಕೋಣ, ಝೆರಾಕ್ಸಿಗೆ ಯಾವ ಸ್ಟ್ಯಾಂಪು ಅಂತ. ಇದೂ ಆಗೋದಿಲ್ಲ, ಮೂಲಕ್ಕೆ ಸ್ಟ್ಯಾಂಪ್ ಕಮ್ಮಿ ಇದ್ರೆ ಅದರ ನಕಲನ್ನ ಸಾಕ್ಷ್ಯಕ್ಕೆ ತಗೊಳ್ಳೋಕೆ ಬರೋದಿಲ್ಲ, ದಂಡ ಕಟ್ಟಿ ಸರಿ ಮಾಡ್ತೇನೆ ಅಂದ್ರೂ ನಕಲಿನ ಮೇಲೆ ಕಟ್ಟೋಕೆ ಆಗೋದಿಲ್ಲ. ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದ್ದು, 2007ರಲ್ಲಿ ಮತ್ತೆ ಹೇಳಿದೆ. ಹಾಗಾಗಿ ಮೂಲ ಕಳಕೊಂಡವರ ಪಾಡು ಸ್ಟ್ಯಾಂಪ್ ಕಮ್ಮಿ ಇದ್ದವರಿಗಿಂತ ಕಷ್ಟ. ಕರಾರಿನ ಮೂಲ ಪ್ರತಿ ಯಾರ ಕಪಾಟಿನಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.

2022ರಲ್ಲೇ ಶಿರಸಿ ಹಿರಿಯ ಸಿವಿಲ್ ನ್ಯಾಯಾಲಯದಲ್ಲಿ ಕರಾರಿನಂತೆ ಖರೀದಿ ಪತ್ರ ಮಾಡಿಕೊಡಬೇಕು ಅಂತ ದಾವೆ ಹಾಕಿದ್ವಿ. ಕರಾರಿನಲ್ಲಿ ಇಂಥ ತಾರೀಕು ಅಂತ ಇರ್ಲಿಲ್ಲ, ಹಾಗಾಗಿ ಮಾಲಕರು ಇಲ್ಲ ಅಂದ ದಿನದಿಂದ 3 ವರ್ಷ ಅವಧಿ, ಅದರೊಳಗೇ ಇದ್ವಿ. ರಿಜಿಸ್ಟರ್ ಆಗಿಲ್ಲ ಅನ್ನೋ ತಕರಾರೂ ಬಂತು. ಇಲ್ಲಿ ಜನ ಎರಡನ್ನೂ ಕಲಸಿಬಿಡ್ತಾರೆ, ಅದಕ್ಕೆ ಬಿಡಿಸಿ ಹೇಳ್ತೇನೆ. ಕಬ್ಜಾ ಕೊಟ್ಟ ಕರಾರು 2001ರ ಸೆಪ್ಟೆಂಬರ್ 24ರ ನಂತರದ್ದಾದ್ರೆ, ರಿಜಿಸ್ಟರ್ ಆಗದಿದ್ರೆ, "ಕರಾರಿನ ಪ್ರಕಾರ ನನ್ನ ಕಬ್ಜಾ ಇದೆ, ನನ್ನನ್ನ ಬಿಡಿಸೋ ಹಾಗಿಲ್ಲ" ಅಂತ ಆಸ್ತಿ ಹಸ್ತಾಂತರ ಕಾಯ್ದೆಯ 53ಎ ರಕ್ಷಣೆ ಕೇಳೋಕೆ ಬರೋದಿಲ್ಲ. ಆದ್ರೆ ಖರೀದಿ ಮಾಡಿಕೊಡಿ ಅನ್ನೋ ದಾವೆಯಲ್ಲಿ ಅದೇ ರಿಜಿಸ್ಟರ್ ಆಗದ ಕರಾರನ್ನ ಸಾಕ್ಷ್ಯವಾಗಿ ಹಾಜರು ಮಾಡಬಹುದು, ರಿಜಿಸ್ಟ್ರೇಶನ್ ಕಾಯ್ದೆಯ 49ನೇ ಕಲಮಿನ ಪರಂತುಕದಲ್ಲೇ ಅದು ಇದೆ. ಸ್ಟ್ಯಾಂಪಿಗೆ ಹಾಗಿಲ್ಲ. ರಿಜಿಸ್ಟರ್ ಆಗದ ಕಾಗದವನ್ನ ಪೂರಕ ಉದ್ದೇಶಕ್ಕೆ, ಅಂದ್ರೆ ಮುಖ್ಯ ವ್ಯವಹಾರ ಬಿಟ್ಟು ಪಕ್ಕದ ಸಂಗತಿ ತೋರಿಸೋಕೆ, ನೋಡಬಹುದು, ಸ್ಟ್ಯಾಂಪ್ ಕಮ್ಮಿ ಇದ್ದದ್ದನ್ನ ಡ್ಯೂಟಿ ದಂಡ ಕಟ್ಟೋವರೆಗೆ ಪೂರಕ ಉದ್ದೇಶಕ್ಕೂ ನೋಡೋ ಹಾಗಿಲ್ಲ. ನೋಡಿ, ಬಾಗಿಲು ಪೂರ್ತಿ ಹಾಕಿದೆ ಆದ್ರೆ ಕೀಲಿ ಕೈ ನಿಮ್ಮ ಕೈಯಲ್ಲೇ ಇದೆ ಅನ್ನೋ ಪರಿಸ್ಥಿತಿ.

2024ರಲ್ಲಿ ಹೆಗಡೇರ ಮುಖ್ಯ ವಿಚಾರಣೆ ಬಂತು. ಕಾಗದ ಕೈಗೆ ಕೊಟ್ಟು "ಇದನ್ನ ನಿಪಿ-1 ಅಂತ ಗುರುತಿಸಬೇಕು" ಅಂತ, ಅಂದ್ರೆ ವಾದಿ ಕಡೆಯ ಮೊದಲನೇ ದಾಖಲೆ ಅಂತ, ನಾನು ಹೇಳಿ ಮುಗಿಸೋದರೊಳಗೆ ಎದುರಿನವರು ಎದ್ದರು, "ಸ್ವಾಮಿ, ಕಬ್ಜಾ ಕೊಟ್ಟ ಕರಾರು, 200 ರೂಪಾಯಿ ಸ್ಟ್ಯಾಂಪು, ನಮ್ಮ ತಕರಾರಿದೆ." ಅವರು ಸರಿಯಾದ ಹೊತ್ತಿಗೇ ಎದ್ದರು. ಈ ಹೊತ್ತು ತಪ್ಪಿದ್ರೆ ಮುಗೀತು, ಯಾಕೆ ಅಂದ್ರೆ ಒಮ್ಮೆ ದಸ್ತಾವೇಜು ಸಾಕ್ಷ್ಯದಲ್ಲಿ ದಾಖಲಾಗಿ ಗುರುತು ಬಿದ್ದರೆ ಆಮೇಲೆ ಸ್ಟ್ಯಾಂಪ್ ಕಮ್ಮಿ ಅಂತ ಆ ದಾವೆಯಲ್ಲಿ, ಅದರ ಅಪೀಲಿನಲ್ಲಿ ಪ್ರಶ್ನೆ ಎತ್ತೋಕೆ ಬರೋದಿಲ್ಲ ಅಂತ ಸ್ಟ್ಯಾಂಪ್ ಕಾಯ್ದೆಯ 35ನೇ ಕಲಂ. ಎಷ್ಟೋ ಕೇಸಿನಲ್ಲಿ ಎದುರಿನವರು ಅಡ್ಡವಿಚಾರಣೆ ಎಲ್ಲ ಮುಗಿಸಿ ವಾದದ ಹೊತ್ತಿಗೆ ಇದನ್ನ ತೆಗೀತಾರೆ, ಆಗ ಕೇಳೋರಿಲ್ಲ. ಹಾಗೇನೇ "ತಕರಾರಿಗೆ ಒಳಪಟ್ಟು ಗುರುತಿಸಿದೆ, ಕೊನೆಗೆ ನೋಡೋಣ" ಅನ್ನೋದೂ ಸ್ಟ್ಯಾಂಪಿನ ವಿಷಯದಲ್ಲಿ ನಡೆಯೋದಿಲ್ಲ. ಬೇರೆ ತಕರಾರನ್ನ ಹಾಗೆ ಮುಂದೆ ಹಾಕಬಹುದು, ಇದನ್ನ ಮಾತ್ರ ಅಲ್ಲೇ ತೀರ್ಮಾನ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ.

ಎದುರಿನವರ ಇನ್ನೊಂದು ವಾದ ಇ-ಸ್ಟ್ಯಾಂಪ್ ಕೊಂಡು 8 ತಿಂಗಳಾದ ಮೇಲೆ ಕರಾರು ಬರೆದಿದ್ದಾರೆ, 6 ತಿಂಗಳಿಗೆ ಸ್ಟ್ಯಾಂಪ್ ಸತ್ತು ಹೋಗ್ತದೆ ಅಂತ. ಇದು ಜನರಲ್ಲೂ ಇರೋ ನಂಬಿಕೆ. 6 ತಿಂಗಳ ಮಾತು ಬರೋದು ಬಳಸದ ಸ್ಟ್ಯಾಂಪ್ ವಾಪಸ್ ಕೊಟ್ಟು ಹಣ ಕೇಳೋ ವಿಷಯಕ್ಕೆ, ಬರೆಯೋಕಲ್ಲ, 2008ರಲ್ಲಿ ತಿರುವೆಂಗಡ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಅನುಮಾನ ಪಡಬೇಕಾದ್ದು ಇದರ ಉಲ್ಟಾ ಇದ್ದಾಗ, ಕರಾರಿನ ತಾರೀಕು ಹಿಂದಿನದು, ಸ್ಟ್ಯಾಂಪ್ ಕೊಂಡ ತಾರೀಕು ಮುಂದಿನದು ಆದ್ರೆ ಯಾರೋ ಹಿಂದಿನ ತಾರೀಕು ಹಾಕಿ ಸೃಷ್ಟಿ ಮಾಡಿದ್ದಾರೆ ಅಂತಲೇ ಅರ್ಥ. shcilestamp.com ನಲ್ಲಿ ಸರ್ಟಿಫಿಕೇಟ್ ನಂಬರು, ತಾರೀಕು ಹಾಕಿ ನೋಡಿದ್ರೆ ಅಸಲಿ ಹೌದೋ ಅಲ್ಲವೋ ಗೊತ್ತಾಗ್ತದೆ. ತೆಲಗಿ ಹಗರಣ ಆದ ಮೇಲೆ ಹಳೇ ಛಾಪಾ ಕಾಗದ ಹೋಗಿ ಈ ವ್ಯವಸ್ಥೆ ಬಂದದ್ದರಲ್ಲಿ ಇದೊಂದು ಉಪಕಾರ.

ಈಗ ದಂಡ. ಕೋರ್ಟೇ 34ನೇ ಕಲಮಿನಲ್ಲಿ ಕಟ್ಟಿಸಿಕೊಂಡ್ರೆ ಕಮ್ಮಿ ಬಿದ್ದದ್ದರ 10 ಪಟ್ಟು. ಕಮ್ಮಿ ಬಿದ್ದದ್ದು 59,800. ಅದರ 10 ಪಟ್ಟು 5,98,000. ಎರಡೂ ಸೇರಿ 6,57,800 ರೂಪಾಯಿ, 12 ಲಕ್ಷದ ಜಾಗಕ್ಕೆ. ಅದೇ ಕಬ್ಜಾದ ಸಾಲು ಇಲ್ಲದಿದ್ರೆ ಕೊರತೆ 1,000, ದಂಡ 10,000, ಒಟ್ಟು 11,000ದಲ್ಲಿ ಮುಗೀತಿತ್ತು. ಹೆಗಡೇರಿಗೆ ಈ ಎರಡು ಲೆಕ್ಕ ಪಕ್ಕಪಕ್ಕ ಬರೆದು ತೋರಿಸಿದಾಗ ಅವರು ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಜಡ್ಜ್ ಸಾಹೇಬ್ರಿಗೆ ಹೇಳಿ ಸ್ವಲ್ಪ ಕಮ್ಮಿ ಮಾಡ್ಸಕ್ಕೆ ಆಗ್ತಿಲ್ಯಾ" ಅಂದ್ರು.

ಆಗೋದಿಲ್ಲ, ಅದೇ ಇಲ್ಲಿ ತಿಳ್ಕೊಳ್ಳಬೇಕಾದ್ದು. ಗಂಗಪ್ಪ ವಿರುದ್ಧ ಫಕ್ಕೀರಪ್ಪ ಅನ್ನೋ ನಮ್ಮ ಕರ್ನಾಟಕದ್ದೇ ಕೇಸಿನಲ್ಲಿ ಕೆಳಗಿನ ಕೋರ್ಟ್ 2 ಪಟ್ಟು ದಂಡ ಹಾಕಿ ಕಾಗದ ತಗೊಂಡಿತ್ತು, ಹೈಕೋರ್ಟ್ 10 ಪಟ್ಟೇ ಆಗಬೇಕು ಅಂತು, 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೌದು ಅಂತು. ಕಮ್ಮಿ ಜಾಸ್ತಿ ಮಾಡೋ ವಿವೇಚನೆ 34ರಲ್ಲಿ ಕೋರ್ಟಿಗೆ ಇಲ್ಲ. ಇರೋದು ಡೆಪ್ಯುಟಿ ಕಮಿಷನರಿಗೆ, ಆ ಅಧಿಕಾರ ನಡೆಸೋರು ಜಿಲ್ಲಾ ನೋಂದಣಾಧಿಕಾರಿ, ನಮ್ಮ ಜಿಲ್ಲೆಗೆ ಕಾರವಾರ. ಅವರು 39ನೇ ಕಲಮಿನಲ್ಲಿ ಕೊರತೆ ಡ್ಯೂಟಿ ಪೂರ್ತಿ ತಗೋಬೇಕು, ದಂಡ ಮಾತ್ರ 5 ರೂಪಾಯಿಯಿಂದ 10 ಪಟ್ಟಿನವರೆಗೆ ಎಷ್ಟು ಸೂಕ್ತ ಅನ್ಸ್ತದೋ ಅಷ್ಟು. ಹಾಗಾಗಿ ಎಷ್ಟು ದಂಡ ಅನ್ನೋದಕ್ಕಿಂತ ಯಾರ ಎದುರು ಕಟ್ಟೋದು ಅನ್ನೋದು ಮೊದಲಿನ ಪ್ರಶ್ನೆ.

ನಮ್ಮ ಕೇಸಿನಲ್ಲಿ ಈ ತಕರಾರಿನ ವಿಚಾರಣೆ ನಡೀತಾ ಇರುವಾಗಲೇ, 2024ರ ಸೆಪ್ಟೆಂಬರಿನಲ್ಲಿ ಸೀತಾರಾಮ ಶೆಟ್ಟಿ ವಿರುದ್ಧ ಮೋನಪ್ಪ ಶೆಟ್ಟಿ ತೀರ್ಪು ಬಂತು, ಅದೂ ಕಬ್ಜಾ ಕೊಟ್ಟ ಕರಾರಿನದ್ದೇ. ಅದರ ಸಾರ ಎಂತ ಅಂದ್ರೆ ಕಾಗದವನ್ನ ಸಾಕ್ಷ್ಯಕ್ಕೆ ತಗೊಳ್ಳಿ ಅಂತ ಒತ್ತಿ ಅಲ್ಲೇ ಕಟ್ಟೋದಾದ್ರೆ 10 ಪಟ್ಟು, ಅದಕ್ಕೆ ಮೊದಲೇ ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿ ಅಂತ ಕೇಳಿದ್ರೆ ಡ್ಯೂಟಿ ಮತ್ತು ದಂಡ ಎಷ್ಟು ಅಂತ ತೀರ್ಮಾನ ಮಾಡೋದನ್ನ ಅವರಿಗೆ ಬಿಡಬೇಕು. ನಾವು ಅರ್ಜಿ ಹಾಕಿದ್ವಿ. ಕೋರ್ಟು ಮೂಲ ಕರಾರನ್ನ ಜಪ್ತಿ ಮಾಡಿ ಕಾರವಾರಕ್ಕೆ ಕಳಿಸ್ತು. ಜಪ್ತಿ ಅಂದ ತಕ್ಷಣ ಹೆಗಡೇರ ಮನೆಯಲ್ಲಿ ಗಾಬರಿ, ಕಾಗದ ಇನ್ನು ವಾಪಸ್ ಬರೋದಿಲ್ಲ ಅಂತ. ಸ್ಟ್ಯಾಂಪ್ ಕಮ್ಮಿ ಇದ್ದ ದಸ್ತಾವೇಜು ಎದುರು ಬಂದ್ರೆ ಹಿಡಿದಿಟ್ಟುಕೊಳ್ಳೋದು 33ನೇ ಕಲಮಿನ ಪ್ರಕಾರ ಕೋರ್ಟಿನ ಕರ್ತವ್ಯ, ಹಣ ಕಟ್ಟಿದ ಮೇಲೆ ಷರಾ ಬರೆದು ವಾಪಸ್ ಕೊಡ್ತಾರೆ. (10 ಪಟ್ಟು ಕಟ್ಟಿ ಆಗಿಹೋದವರಿಗೂ ಪೂರ್ತಿ ದಾರಿ ಮುಚ್ಚಿಲ್ಲ, ದಂಡದಲ್ಲಿ ಒಂದಷ್ಟು ವಾಪಸ್ ಕೊಡೋ ಅಧಿಕಾರ 38ನೇ ಕಲಮಿನಲ್ಲಿ ಜಿಲ್ಲಾ ನೋಂದಣಾಧಿಕಾರಿಗೇ ಇದೆ, ಆದ್ರೆ ಮೊದಲು ಅಷ್ಟು ಹಣ ಜೋಡಿಸಬೇಕಲ್ಲ.)

ಕಾರವಾರದಲ್ಲಿ ನಾವು ಹೇಳಿದ್ದು ಇಷ್ಟು: ಬರೆಸಿದವರು ಕಾನೂನು ಗೊತ್ತಿಲ್ಲದ ತೋಟದವರು, ಹಣ ಪೂರ್ತಿ ಬ್ಯಾಂಕಿನಿಂದ ಹೋಗಿದೆ, ಕರಾರಿನಲ್ಲಿ ದರ ಮುಚ್ಚಿಟ್ಟಿಲ್ಲ, ಡ್ಯೂಟಿ ತಪ್ಪಿಸೋ ಉದ್ದೇಶ ಇದ್ದಿದ್ರೆ ಕಬ್ಜಾ ಕೊಟ್ಟದ್ದನ್ನ ಬರೀತಾನೇ ಇರ್ಲಿಲ್ಲ. ಈ ಕೊನೇ ಮಾತು ಕೆಲಸ ಮಾಡ್ತು ಅಂತ ನನ್ನ ಅಂದಾಜು. ಕೊರತೆ 59,800, ಅದರ ಮೇಲೆ 2 ಪಟ್ಟು ದಂಡ 1,19,600, ಒಟ್ಟು 1,79,400 ಕಟ್ಟಿ ಅಂತ ಆದೇಶ ಆಯ್ತು. ಎಲ್ಲರಿಗೂ 2 ಪಟ್ಟೇ ಆಗ್ತದೆ ಅಂತ ತಿಳ್ಕೊಬೇಡಿ, ಅದು ಅವರ ವಿವೇಚನೆ. ಕಾಗದದ ಹಿಂದೆ ಸರಿಯಾದ ಡ್ಯೂಟಿ ಮತ್ತು ದಂಡ ಪಾವತಿಯಾಗಿದೆ ಅಂತ ಷರಾ ಬಿದ್ದು ಕೋರ್ಟಿಗೆ ಬಂತು, ನಿಪಿ-1 ಆಯ್ತು. ನೋಟೀಸಿನ ಉತ್ತರದಲ್ಲಿ "ಕಾಗದವೇ ಅಲ್ಲ" ಅಂತ ಹೇಳಿಸಿಕೊಂಡದ್ದು ಈಗ ಪೂರ್ತಿ ಸ್ಟ್ಯಾಂಪಿನ ದಸ್ತಾವೇಜು.

ಇನ್ನು ತಂಗಿಯ ಅಫಿಡವಿಟ್. ಅವಳೂ ಪ್ರತಿವಾದಿ, ನನ್ನ ಪಾಲು ನಾನು ಮಾರಿಲ್ಲ ಅಂತ ತಕರಾರು ಹಾಕಿದ್ಲು. ನಾವು 20 ರೂಪಾಯಿ ಕಾಗದ ತೋರಿಸಿದ್ವಿ. ಅಫಿಡವಿಟ್ ಅಂತ ನೋಡಿದ್ರೆ ಸ್ಟ್ಯಾಂಪ್ ಸರಿ, ಆದ್ರೆ ಒಳಗಿರೋದು ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡೋ ಮಾತು. ಹಾಗಾದ್ರೆ ಅದು ಹಕ್ಕುಬಿಡುಗಡೆ ಪತ್ರ, ಅದಕ್ಕೆ ಬೇರೆ ಡ್ಯೂಟಿ, ರಿಜಿಸ್ಟ್ರೇಶನ್ ಕಡ್ಡಾಯ. ಡ್ಯೂಟಿ ದಂಡ ಕಟ್ಟಿ ಸರಿ ಮಾಡಬಹುದಿತ್ತು, ರಿಜಿಸ್ಟರ್ ಆಗದ್ದಕ್ಕೆ ದಂಡ ಕಟ್ಟಿ ಸರಿ ಮಾಡೋ ದಾರಿ ಇಲ್ಲ. ಅವಳ ಹಕ್ಕು ಅವಳ ಹತ್ರವೇ ಉಳೀತು. ನನ್ನ ಕೇಳಿದ್ರೆ ನಮ್ಮ ಜಿಲ್ಲೆಯ ಕುಟುಂಬಗಳಲ್ಲಿ ಅಕ್ಕತಂಗಿಯರಿಂದ ಬರೆಸಿಕೊಂಡ ಇಂಥ ಅಫಿಡವಿಟ್‌ಗಳು ಪೆಟ್ಟಿಗೆಗಟ್ಟಲೆ ಇರಬಹುದು, ಒಂದಕ್ಕೂ ಜಾಗದ ಮಟ್ಟಿಗೆ ಬೆಲೆ ಇಲ್ಲ. ಅಫಿಡವಿಟ್ ಇರೋದು ನನಗೆ ಗೊತ್ತಿರೋ ಸಂಗತಿ ಹೀಗೆ ಅಂತ ಪ್ರಮಾಣ ಮಾಡಿ ಹೇಳೋಕೆ, ಹೆಸರಿನಲ್ಲಿ ವ್ಯತ್ಯಾಸ ಇದೆ, ವಂಶಾವಳಿ ಹೀಗಿದೆ ಅಂತ ಹೇಳೋಕೆ. ಹಕ್ಕು ಈ ಕೈಯಿಂದ ಆ ಕೈಗೆ ದಾಟಿಸೋಕೆ ಅಲ್ಲ.

ದರಗಳು ಈಗ ಬದಲಾಗಿವೆ. 2024ರ ಫೆಬ್ರವರಿಯಿಂದ ಅಫಿಡವಿಟ್‌ಗೆ 20 ಹೋಗಿ 100, ಬೇರೆ ಕಡೆ ಹೇಳದ ಸಾದಾ ಕರಾರಿಗೆ 200 ಹೋಗಿ 500. ಈಗಲೂ 20ರ ಸ್ಟ್ಯಾಂಪ್ ಕೊಡಿ ಅಂತ ಕೇಳೋರಿದ್ದಾರೆ, ಕಚೇರಿಯಲ್ಲಿ ವಾಪಸ್ ಕಳಿಸ್ತಾರೆ. ಕೋರ್ಟಿಗೇ ಹಾಕೋ ಅಫಿಡವಿಟ್‌ಗೆ, ಪಿಂಚಣಿ ಪಡೆಯೋಕೆ ಮಾತ್ರ ಬೇಕಾದ ಅಫಿಡವಿಟ್‌ಗೆ ಸ್ಟ್ಯಾಂಪ್ ಡ್ಯೂಟಿ ಮಾಫಿ, ಬಿಳಿ ಹಾಳೆ ಸಾಕು, ಆದ್ರೂ ವಯಸ್ಸಾದವರ ಹತ್ರ ಸ್ಟ್ಯಾಂಪ್ ತರಿಸೋದು ನೋಡಿದ್ರೆ ಸಿಟ್ಟು ಬರ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೇನೆ, ಕೈಸಾಲಕ್ಕೆ ಬರೆಸಿಕೊಳ್ಳೋ ಪ್ರಾಮಿಸರಿ ನೋಟಿಗೆ ಮೇಲಿನ ಯಾವ ದಾರಿಯೂ ಇಲ್ಲ. ಅದು ಕೇಂದ್ರದ 1899ರ ಕಾಯ್ದೆಗೆ ಸೇರಿದ್ದು, ರೆವಿನ್ಯೂ ಸ್ಟ್ಯಾಂಪ್ ಹಚ್ಚದಿದ್ರೆ ಆಮೇಲೆ ದಂಡ ಕಟ್ಟಿ ಸಾಕ್ಷ್ಯಕ್ಕೆ ತರೋಕೆ ಬರೋದಿಲ್ಲ. 1 ರೂಪಾಯಿ ಸ್ಟ್ಯಾಂಪ್ ಹಚ್ಚಿ ಅದರ ಮೇಲೆ ಅಡ್ಡ ಸಹಿ ಹಾಕಿಸಿಕೊಳ್ಳಿ.

ಕೇಸು ತೀರ್ಪಿನವರೆಗೆ ಹೋಗ್ಲಿಲ್ಲ. ಕರಾರು ನಿಪಿ-1 ಆದ ಮೇಲೆ ಮಾಲಕರ ಕಡೆ ಉಳಿದದ್ದು ಕಮ್ಮಿ, ನಮ್ಮ ಕಡೆ ತಂಗಿಯ ಪಾಲಿನ ತೊಡಕು ಇತ್ತು, ಎರಡೂ ಕಡೆ ಹೆದರಿಕೆ ಇದ್ದಲ್ಲಿ ರಾಜಿ ಆಗ್ತದೆ. 2025ರಲ್ಲಿ ಮಾಲಕರಿಗೆ ಬಾಕಿ 3 ಲಕ್ಷ, ತಂಗಿಗೆ ಬೇರೆಯಾಗಿ 4 ಲಕ್ಷ ಅಂತ ಮಾತಾಗಿ ಶಿರಸಿ ಉಪನೋಂದಣಿ ಕಚೇರಿಯಲ್ಲಿ ಅಣ್ಣ ತಂಗಿ ಇಬ್ಬರೂ ಸಹಿ ಹಾಕಿ ಖರೀದಿ ಪತ್ರ ಆಯ್ತು. ಕರಾರಿನ ಮೇಲೆ ಕಟ್ಟಿದ ಡ್ಯೂಟಿ ಖರೀದಿ ಪತ್ರದ ಡ್ಯೂಟಿಯಲ್ಲಿ ವಜಾ ಸಿಕ್ತು. ದಂಡದ 1,19,600 ಹೋದದ್ದು ಹೋಯ್ತು.

ಆವತ್ತು 2016ರಲ್ಲೇ ಎಂತ ಮಾಡಬೇಕಿತ್ತು ಅಂತ ಕೇಳಿದ್ರೆ, ಮನೆಯಲ್ಲಿ ಉಳಿಯೋದು ಬೇಕೇ ಬೇಕು ಅಂತಾದ್ರೆ ಶೇಕಡಾ 5 ಕಟ್ಟಿ ಕಬ್ಜಾ ಕರಾರನ್ನ ರಿಜಿಸ್ಟರ್ ಮಾಡಿಸೋದು, ಹೇಗೂ ಖರೀದಿಗೆ ಅದು ಕಟ್ಟಲೇಬೇಕಿತ್ತು. ಇಲ್ಲ ಅಂದ್ರೆ 1,200 ಕಟ್ಟಿ ಕಬ್ಜಾ ಇಲ್ಲದ ಕರಾರು ಮಾಡಿಕೊಂಡು, ಬೀಗದ ಕೈಯನ್ನ ಖರೀದಿ ದಿನವೇ ತಗೊಳ್ಳೋದು. ಕರಾರಿನಲ್ಲಿ ಕಬ್ಜಾ ಇಲ್ಲ ಅಂತ ಬರೆದು ಕೈಯಲ್ಲಿ ಬೀಗದ ಕೈ ಕೊಡೋ ಮೂರನೇ ದಾರಿಯನ್ನ ಕೆಲವರು ಹೇಳಿಕೊಡ್ತಾರೆ, ಅದರಲ್ಲಿ ಸ್ಟ್ಯಾಂಪ್ ಉಳೀತದೆ, ಆದ್ರೆ ನಾಳೆ ಜಗಳ ಬಂದಾಗ ಆ ಮನೆಯಲ್ಲಿ ನೀವು ಯಾವ ಆಧಾರದ ಮೇಲೆ ಇದ್ದೀರಿ ಅಂತ ತೋರಿಸೋಕೆ ನಿಮ್ಮ ಕಾಗದವೇ ನಿಮ್ಮ ವಿರುದ್ಧ ಮಾತಾಡ್ತದೆ. ತಂಗಿಯನ್ನ ಮಾತ್ರ ಯಾವ ದಾರಿಯಲ್ಲಾದ್ರೂ ಕರಾರಿಗೇ ಪಕ್ಷಗಾರಳಾಗಿ ಸೇರಿಸಿ ಸಹಿ ಹಾಕಿಸಿಕೊಳ್ಳಬೇಕಿತ್ತು, ಕುಮಟೆಯಿಂದ ಶಿರಸಿಗೆ ಬಸ್ಸಿದೆ.